ಕೊನೆ ತೆರೆದಿಟ್ಟ ಕತೆಗೆ ನಮ್ಮ ಅರ್ಥವನ್ನು ಸಮರ್ಥಿಸುವುದು ಹೇಗೆ?

‘“ಘಾಚರ್ ಘೋಚರ್”ನಲ್ಲಿ ಅನಿತಾಳ ಕೊಲೆಯಾಗಿದೆ ಎಂದರೆ ಸ್ನೇಹಿತರು ಒಪ್ಪುತ್ತಿಲ್ಲ. ಹೇಗೆ ವಾದಿಸಲಿ?’

ಸ್ನೇಹಿತರು ಒಪ್ಪದಿರುವುದು ಸರಿ. ವಿವೇಕ ಶಾನಭಾಗರ ಈ ಕತೆಯಲ್ಲಿ ಕೊಲೆಯನ್ನು ಯಾರೂ ಕಂಡಿಲ್ಲ. ಊರಿಗೆ ಹೋದ ಹೆಂಡತಿ ಅನಿತಾಳ ಸುದ್ದಿಗಾಗಿ, ಕತೆ ಹೇಳುವ ಗಂಡ ಕಾಫಿಹೌಸಿನಲ್ಲಿ ಕಾಯುತ್ತಿದ್ದಾನೆ, ಅಷ್ಟೇ. ‘ಕೊಲೆಯಾಗಿದೆ’ ಎನ್ನುವ ಬದಲು ‘ಮನೆಯವರು ಕೊಲ್ಲಬಲ್ಲರು ಎಂಬುದು ನಿರೂಪಕನಿಗೆ ಗೊತ್ತಿದೆ’ ಎಂದು ನೋಡಿ. ಪುಟಗಳು ನಿಮ್ಮ ಪರ ನಿಲ್ಲುತ್ತವೆ.

ಹಳೆಯ ಮನೆಯಲ್ಲಿ ಇರುವೆಗಳನ್ನು ಇವರೆಲ್ಲ ಉತ್ಸಾಹದಿಂದ ಕೊಲ್ಲುತ್ತಾರೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಒಂದಾಗಿ ಅವಮಾನಿಸಿ ಅಟ್ಟುತ್ತಾರೆ. ಅದನ್ನು ಪ್ರಶ್ನಿಸಿದವಳು ಅನಿತಾ. ಮುಂದೆ ಮನೆಯ ಹರಟೆಯೇ ಕೊಲೆಯ ಕಡೆಗೆ ಹೊರಳುತ್ತದೆ. ಕೊನೆಗೆ ನಿರೂಪಕನ ಕೈಯಲ್ಲಿ ರಕ್ತ. ಇದೊಂದನ್ನೇ ಹಿಡಿದರೆ ಗಾಜು ಒಡೆದ ಗಾಯವಷ್ಟೇ; ಹಿಂದಿನ ಮೂರರ ಜೊತೆಗಿಟ್ಟರೆ ಪಾಲುದಾರನ ಕೈ. ನನಗಂತೂ ಇರುವೆಗಳ ಭಾಗವೇ ಹೆಚ್ಚು ಗಟ್ಟಿ ಸಾಕ್ಷ್ಯ, ಏಕೆಂದರೆ ಅನುಮಾನ ಹುಟ್ಟುವ ಮೊದಲೇ ಅದು ಬರುತ್ತದೆ.

ಎದುರು ಸಾಕ್ಷ್ಯವನ್ನು ನೀವೇ ಮುಂದಿಡಿ: ಹೇಳುವವನು ಹೇಡಿ, ಕಾಯುತ್ತಾ ಕೂತವನು, ಭಯದಲ್ಲಿ ಎಲ್ಲವನ್ನೂ ಜೋಡಿಸಿಕೊಂಡಿರಬಹುದು. ‘ಕೊಲೆಯಾಗಿದೆ’ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. ‘ಅವನಿಗೆ ಗೊತ್ತಿದೆ’ ಎಂಬುದು ಬೀಳುವುದಿಲ್ಲ; ಆ ಭಯಕ್ಕೂ ಕಾರಣ ಬೇಕಲ್ಲ.