ಕ್ರೆಡಿಟ್ ಇದ್ದರೂ ಪೋರ್ಟಲ್ ದುಡ್ಡು ಕೇಳುವುದೇಕೆ?

ಪ್ರಶ್ನೆ: ಮಂಡ್ಯದಲ್ಲಿ ಪೈಪು, ವೈರು, ಸ್ವಿಚ್ಚಿನ ಅಂಗಡಿ ನಮ್ಮದು. ಕಳೆದ ತಿಂಗಳು ಮಾರಾಟದ ಮೇಲೆ ಬಂದ ಜಿಎಸ್‌ಟಿ ಒಟ್ಟು 1,98,000 ರೂಪಾಯಿ. ಖರೀದಿಯಲ್ಲಿ ನಾವು ಕೊಟ್ಟಿದ್ದು 1,80,000. ಕಟ್ಟಬೇಕಾದ್ದು 18,000 ತಾನೇ? ರಿಟರ್ನ್ ಹಾಕಿಕೊಟ್ಟವರು 45,000 ಕಟ್ಟಿಸಿದರು. ಕೇಳಿದರೆ ‘ಪೋರ್ಟಲ್‌ನಲ್ಲಿ ಹಾಗೇ ಬಂತು’ ಅಂತಾರೆ. ಮೋಸ ಮಾಡ್ತಿರೋದು ಸರ್ಕಾರವೋ, ಇವರೋ?

ಉತ್ತರ: ಈ ಪ್ರಶ್ನೆ ನನಗೆ ಯಾವಾಗಲೂ ಬರುವುದು ರಿಟರ್ನ್‌ಗೆ ಕೊನೆ ದಿನವಾದ ಇಪ್ಪತ್ತನೇ ತಾರೀಕು ಕಳೆದ ಮೇಲೆ. ಹತ್ತೊಂಬತ್ತಕ್ಕೆ ಕೇಳಿದ್ದರೆ 27,000 ರೂಪಾಯಿ ನಿಮ್ಮ ಗಲ್ಲಾದಲ್ಲೇ ಇರುತ್ತಿತ್ತು. ಸರ್ಕಾರ ಮೋಸ ಮಾಡಿಲ್ಲ, ನಿಮ್ಮವರು ದುಡ್ಡು ತಿಂದಿಲ್ಲ. ಸೋಮಾರಿತನ ಮಾಡಿದ್ದಾರೆ, ಅಷ್ಟೇ.

ಮಾರಾಟದ ಒಟ್ಟು ತೆರಿಗೆಯಲ್ಲಿ ಒಟ್ಟು ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆ, ಕಳೆದರೆ ಬಾಕಿ ಸಿಕ್ಕಿತು ಅಂದುಕೊಳ್ಳುವುದನ್ನು ಮೊದಲು ಬಿಡಿ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಲೆಕ್ಕ ಅದು. ಜಿಎಸ್‌ಟಿಯಲ್ಲಿ ಮೂರು ಬೇರೆ ಬೇರೆ ಖಾತೆಗಳಿವೆ. ಕೇಂದ್ರದ ಸಿಜಿಎಸ್‌ಟಿ ಕ್ರೆಡಿಟ್‌ನಿಂದ ರಾಜ್ಯದ ಎಸ್‌ಜಿಎಸ್‌ಟಿ ಕಟ್ಟುವ ಹಾಗಿಲ್ಲ. ರಾಜ್ಯದ್ದರಿಂದ ಕೇಂದ್ರದ್ದೂ ಕಟ್ಟುವ ಹಾಗಿಲ್ಲ. ಎರಡೂ ಕಡೆ ಓಡಾಡುವುದು ಹೊರರಾಜ್ಯದ ಖರೀದಿಯಿಂದ ಬಂದ ಐಜಿಎಸ್‌ಟಿ ಕ್ರೆಡಿಟ್ ಮಾತ್ರ. ನಿಮ್ಮ ಲೆಕ್ಕ ಕೆಟ್ಟಿದ್ದು ಅಲ್ಲೇ.

ನೀವು ಕಳಿಸಿದ ಅಂಕಿಗಳನ್ನು ಬಿಡಿಸಿ ನೋಡೋಣ. ಕರ್ನಾಟಕದೊಳಗೆ 10 ಲಕ್ಷದ ಮಾರಾಟ. 18 ಪರ್ಸೆಂಟ್ ಅಂದರೆ ಸಿಜಿಎಸ್‌ಟಿ 90,000, ಎಸ್‌ಜಿಎಸ್‌ಟಿ 90,000. ಹೊಸೂರಿನ ಗಿರಾಕಿಗೆ 1 ಲಕ್ಷದ ಮಾಲು ಕಳಿಸಿದ್ದೀರಿ. ಅದಕ್ಕೆ ಐಜಿಎಸ್‌ಟಿ 18,000. ಇನ್ನು ಖರೀದಿ. ಕೊಯಮತ್ತೂರಿನಿಂದ 5 ಲಕ್ಷದ ಮಾಲು ಬಂದಿದೆ, ಅದರ ಐಜಿಎಸ್‌ಟಿ ಕ್ರೆಡಿಟ್ 90,000. ಬೆಂಗಳೂರಿನ ಡೀಲರ್ ಹತ್ತಿರ 5 ಲಕ್ಷದ್ದು ಕೊಂಡಿದ್ದೀರಿ, ಅದರಿಂದ ಸಿಜಿಎಸ್‌ಟಿ 45,000, ಎಸ್‌ಜಿಎಸ್‌ಟಿ 45,000. ಹಿಂದಿನ ತಿಂಗಳಿನಿಂದ ಉಳಿದು ಬಂದದ್ದು ಏನೂ ಇಲ್ಲ.

ಐಜಿಎಸ್‌ಟಿ ಕ್ರೆಡಿಟ್ ಮೊದಲು ಐಜಿಎಸ್‌ಟಿ ಬಾಕಿಗೆ ಹೋಗಲೇಬೇಕು. 90,000ದಲ್ಲಿ 18,000 ಅಲ್ಲಿ ಹೋಯಿತು. ಉಳಿದ 72,000 ಅಷ್ಟನ್ನೂ ಮುಗಿಸಿದ ಮೇಲೆಯೇ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕ್ರೆಡಿಟ್ ಮುಟ್ಟಬಹುದು. ಆದರೆ ಆ 72,000ವನ್ನು ಎರಡರ ನಡುವೆ ಹೇಗೆ ಹಂಚಬೇಕು ಅನ್ನುವುದು ನಿಮ್ಮ ಇಷ್ಟ. 2019ರಲ್ಲಿ ಸೇರಿಸಿದ 88ಎ ನಿಯಮ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಯಾವ ಕ್ರಮದಲ್ಲಾದರೂ ಸರಿ, ಯಾವ ಪ್ರಮಾಣದಲ್ಲಾದರೂ ಸರಿ.

ನಿಮ್ಮವರು ಮಾಡಿದ್ದೇನು? 72,000 ಪೂರ್ತಿ ಸಿಜಿಎಸ್‌ಟಿಗೆ ಸುರಿದರು. ಅಲ್ಲಿ ಬಾಕಿ ಉಳಿದದ್ದು 18,000 ಮಾತ್ರ. ಅದನ್ನು ಸಿಜಿಎಸ್‌ಟಿಯ 45,000 ಕ್ರೆಡಿಟ್‌ನಲ್ಲಿ ತೀರಿಸಿದರು. ಆ ಖಾತೆಯಲ್ಲಿ 27,000 ಹಾಗೇ ಕೂತಿತು. ಆ ಕಡೆ ಎಸ್‌ಜಿಎಸ್‌ಟಿ ಬಾಕಿ 90,000, ಅದಕ್ಕೆ ಇದ್ದ ಕ್ರೆಡಿಟ್ 45,000. ಮಿಕ್ಕ 45,000 ನಗದು. ಕೂತಿರುವ 27,000 ಈ ಕಡೆ ಬರುವುದಿಲ್ಲ.

ಅದೇ 72,000ವನ್ನು 36,000, 36,000 ಅಂತ ಮಾಡಿದ್ದರೆ? ಎರಡೂ ಕಡೆ ಬಾಕಿ 54,000ಕ್ಕೆ ಇಳಿಯುತ್ತಿತ್ತು. ಎರಡೂ ಕಡೆ 45,000 ಕ್ರೆಡಿಟ್ ಪೂರ್ತಿ ಖರ್ಚಾಗುತ್ತಿತ್ತು. ನಗದು 9,000, 9,000. ಒಟ್ಟು 18,000. ನೀವು ಹೇಳಿದ ಅಂಕಿಯೇ ಬಂತು, ಅಲ್ವಾ?

ಹಾಗಂತ ‘ಯಾವಾಗಲೂ ಅರ್ಧರ್ಧ ಮಾಡಿ’ ಎಂದು ಬರೆದಿಟ್ಟುಕೊಳ್ಳಬೇಡಿ. ಇಲ್ಲಿ ಎರಡೂ ಖಾತೆ ಸಮ ಇದ್ದದ್ದರಿಂದ ಅರ್ಧರ್ಧ ಸರಿಹೋಯಿತು. ನಾನು ಮಾಡುವುದು ಹೀಗೆ. ಹಾಳೆಯ ಮೇಲೆ ಮೊದಲು ಸಿಜಿಎಸ್‌ಟಿ ಬಾಕಿಯಿಂದ ಸಿಜಿಎಸ್‌ಟಿ ಕ್ರೆಡಿಟ್ ಕಳೆಯುತ್ತೇನೆ. ಎಸ್‌ಜಿಎಸ್‌ಟಿಗೂ ಹಾಗೇ. ಎರಡು ಕಡೆ ಎಷ್ಟೆಷ್ಟು ಕೊರತೆ ಇದೆ ಅಂತ ಗೊತ್ತಾಗುತ್ತದೆ. ಆ ಕೊರತೆಯನ್ನು ನೋಡಿಕೊಂಡು ಐಜಿಎಸ್‌ಟಿ ಹಂಚುತ್ತೇನೆ. ಯಾವ ಕಡೆಗೂ ಅಲ್ಲಿನ ಕೊರತೆಗಿಂತ ಜಾಸ್ತಿ ಹಾಕುವುದಿಲ್ಲ. ಕಾನೂನಿನಲ್ಲಿ ಐಜಿಎಸ್‌ಟಿ ಮೊದಲು ನಿಜ, ಆದರೆ ಹಾಳೆಯ ಲೆಕ್ಕದಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಎರಡೂ ಕೊರತೆ ತುಂಬಿದ ಮೇಲೂ ಐಜಿಎಸ್‌ಟಿ ಉಳಿದರೆ, ಅದನ್ನು ಮುಂದಿನ ತಿಂಗಳಿಗೆ ಅಂತ ಎತ್ತಿಡಲು ಪೋರ್ಟಲ್ ಬಿಡುವುದಿಲ್ಲ. ಆಗ ಹೆಚ್ಚಿನದನ್ನು ಎರಡೂ ಕಡೆ ಸಮ ಮಾಡಿ, ಎರಡೂ ಖಾತೆಯಲ್ಲಿ ಸ್ವಲ್ಪ ಸ್ವಲ್ಪ ಕ್ರೆಡಿಟ್ ಉಳಿಸಿಕೊಳ್ಳಿ.

‘ಪೋರ್ಟಲ್‌ನಲ್ಲಿ ಹಾಗೇ ಬಂತು’ ಅನ್ನುವ ಮಾತು ನನ್ನ ತಲೆ ಕೆಡಿಸುತ್ತದೆ. ತಿಂಗಳ ರಿಟರ್ನ್ ಆದ 3ಬಿಯಲ್ಲಿ ಪಾವತಿಯ ಪಟ್ಟಿ, ಅಂದರೆ 6.1, ತೆರೆದಾಗ ಕಾಣುವ ಅಂಕಿ ಬರೀ ಸಲಹೆ. ಆ ಚೌಕಗಳನ್ನು ಅಳಿಸಿ ನಮ್ಮ ಅಂಕಿ ತುಂಬಬಹುದು. ಸಲ್ಲಿಸುವ ಮುಂಚೆ ನೋಡಬೇಕಾದ್ದು ಎರಡೇ. ಒಂದು ಖಾತೆಯಲ್ಲಿ ಕ್ರೆಡಿಟ್ ಉಳಿದು, ಇನ್ನೊಂದರಲ್ಲಿ ನಗದು ಕೇಳುತ್ತಿದೆಯಾ? ಅದೇ ತಿಂಗಳು ಐಜಿಎಸ್‌ಟಿ ಕ್ರೆಡಿಟ್ ಕೂಡ ಹಂಚಿದ್ದೀರಾ? ಎರಡಕ್ಕೂ ಹೌದು ಅಂದರೆ ಹಂಚಿಕೆ ತಪ್ಪಿರುವ ಸಾಧ್ಯತೆಯೇ ಜಾಸ್ತಿ. ವಾಪಸ್ ಹೋಗಿ ಬದಲಿಸಿ. 3ಬಿ ಸಲ್ಲಿಸಿದ ಮೇಲೆ ಅದನ್ನು ತಿದ್ದಲು ಆಗುವುದಿಲ್ಲ.

ನಿಮ್ಮ 27,000 ಮುಳುಗಿಲ್ಲ. ಸಿಜಿಎಸ್‌ಟಿ ಕ್ರೆಡಿಟ್ ಆಗಿ ಲೆಡ್ಜರ್‌ನಲ್ಲಿದೆ. ಮುಂದಿನ ತಿಂಗಳೂ ವ್ಯಾಪಾರ ಇದೇ ಅಂಕಿಯಲ್ಲಿ ನಡೆಯಿತು ಅಂದುಕೊಳ್ಳಿ. ಆಗ ಸಿಜಿಎಸ್‌ಟಿ ಕೊರತೆ 18,000, ಎಸ್‌ಜಿಎಸ್‌ಟಿ ಕೊರತೆ 45,000. ಕೈಲಿರುವ 72,000 ಐಜಿಎಸ್‌ಟಿಯಲ್ಲಿ 49,500 ಎಸ್‌ಜಿಎಸ್‌ಟಿಗೆ, 22,500 ಸಿಜಿಎಸ್‌ಟಿಗೆ ಹಾಕಿ. ನಗದು ಸೊನ್ನೆ. ಹೆಚ್ಚಿನ 9,000 ಎರಡೂ ಖಾತೆಯಲ್ಲಿ 4,500, 4,500 ಅಂತ ಉಳಿಯುತ್ತದೆ. ಈ ಸಲ ಅರ್ಧರ್ಧ ಮಾಡಿದರೆ ಮತ್ತೆ 9,000 ನಗದು ಕಟ್ಟುತ್ತೀರಿ. ರಿಟರ್ನ್ ಹಾಕುವವರಿಗೆ ಈ ಹಾಳೆ ತೋರಿಸಿ. ‘ಅದೆಲ್ಲ ಆಗಲ್ಲ’ ಅಂದರೆ ಬೇರೆಯವರನ್ನು ನೋಡಿಕೊಳ್ಳಿ.

ಪ್ರಶ್ನೆ: ಬಿಲ್ಲು ಕೈಯಲ್ಲಿದೆ, ದುಡ್ಡೂ ಕೊಟ್ಟಿದ್ದೇನೆ. ಪೋರ್ಟಲ್ ತೋರಿಸುವ ಖರೀದಿ ಕ್ರೆಡಿಟ್‌ಗಳ ಪಟ್ಟಿ 2ಬಿಯಲ್ಲಿ ಮಾತ್ರ ಬಂದಿಲ್ಲ. ಕ್ರೆಡಿಟ್ ತೆಗೆದುಕೊಳ್ಳಲಾ?

ಉತ್ತರ: ಬೇಡ. ಮಾರಿದವರಿಗೆ ಫೋನ್ ಮಾಡಿ, ಅವರ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಹಾಕಿಸಿ. ಅದು ಬಂದ ತಿಂಗಳು ತೆಗೆದುಕೊಳ್ಳಿ.

ಪ್ರಶ್ನೆ: ಮೈಸೂರಿನಲ್ಲಿ ಪೇಂಟ್ ಅಂಗಡಿ. ನಮ್ಮ ಲೆಡ್ಜರ್‌ನಲ್ಲಿ 60,000 ಕ್ರೆಡಿಟ್ ಉಳಿದಿದೆ. ಆದರೂ ಲಾರಿ ಬಾಡಿಗೆ ಬಾಬ್ತು 1,000 ರೂಪಾಯಿ ನಗದೇ ಕಟ್ಟಿ ಅಂತಿದೆ. ಇದ್ಯಾವ ನ್ಯಾಯ?

ಉತ್ತರ: ಅದು ನಿಮ್ಮ ಮಾರಾಟದ ತೆರಿಗೆ ಅಲ್ಲ. ಟ್ರಾನ್ಸ್‌ಪೋರ್ಟ್‌ನವರು ಬಿಲ್ಲಿನಲ್ಲಿ ತೆರಿಗೆ ಹಾಕದೆ ಬಿಟ್ಟರು, ಅವರ ಬದಲು ನೀವು ಕಟ್ಟುತ್ತಿದ್ದೀರಿ. 20,000 ಬಾಡಿಗೆಗೆ 5 ಪರ್ಸೆಂಟ್, 1,000. ಇದನ್ನು ರಿವರ್ಸ್ ಚಾರ್ಜ್ ಅನ್ನುತ್ತಾರೆ. ಕ್ರೆಡಿಟ್ ಎಷ್ಟೇ ಇರಲಿ, ಇದು ನಗದಿನಲ್ಲೇ. ಬೇಜಾರು ಬೇಡ, ಕಟ್ಟಿದ 1,000ವನ್ನು ಅದೇ ತಿಂಗಳ 3ಬಿಯಲ್ಲಿ ಕ್ರೆಡಿಟ್ ಆಗಿ ವಾಪಸ್ ತೆಗೆದುಕೊಳ್ಳಬಹುದು. ಬಾಕಿಯ ಕಡೆ 3.1(ಡಿ)ಯಲ್ಲಿ ತೋರಿಸಿ, ಕ್ರೆಡಿಟ್ ಕಡೆ 4(ಎ)(3)ರಲ್ಲಿ ತೋರಿಸುವುದನ್ನು ಮರೆಯುವವರೇ ಜಾಸ್ತಿ. ನಿಮ್ಮ ಹಳೇ 3ಬಿಗಳನ್ನು ತೆಗೆದು ಈ ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಅಂಕಿ ಇದ್ದು ಇನ್ನೊಂದರಲ್ಲಿ ಸೊನ್ನೆ ಇದ್ದರೆ ಸುಮ್ನೆ ದುಡ್ಡು ಬಿಟ್ಟುಕೊಟ್ಟಿದ್ದೀರಿ. ಒಂದು ಹಣಕಾಸು ವರ್ಷದ ಕ್ರೆಡಿಟ್ ತೆಗೆದುಕೊಳ್ಳಲು ಮಾಮೂಲಿನಂತೆ ಮುಂದಿನ ನವೆಂಬರ್ 30ರ ತನಕ ಅವಕಾಶ ಇರುತ್ತದೆ.

ಪ್ರಶ್ನೆ: ಪರಿಚಯದವರೊಬ್ಬರು ಮೂರು ಪರ್ಸೆಂಟ್ ಕೊಟ್ಟರೆ ಬಿಲ್ಲು ಕೊಡ್ತೀನಿ, ಕ್ರೆಡಿಟ್ ಸಿಗತ್ತೆ ಅಂತಾರೆ. ಮಾಲು ಬರಲ್ಲ.

ಉತ್ತರ: ಮಾಲಿಲ್ಲದ ಬಿಲ್ಲು ಅಂದರೆ ನಕಲಿ ಬಿಲ್ಲು. ಕ್ರೆಡಿಟ್ ವಾಪಸ್, ಬಡ್ಡಿ, ಅಷ್ಟೇ ಮೊತ್ತದ ದಂಡ ಎಲ್ಲ ನಿಮ್ಮ ತಲೆಗೆ. ಪರಿಚಯದವರ ಫೋನ್ ಆಗ ಸ್ವಿಚ್ ಆಫ್ ಆಗಿರುತ್ತದೆ.

ಪ್ರಶ್ನೆ: ಇಪ್ಪತ್ತಕ್ಕೆ ಕೈಯಲ್ಲಿ ಪೂರ್ತಿ ದುಡ್ಡಿಲ್ಲ. ಇದ್ದಷ್ಟು ಕಟ್ಟಿ ರಿಟರ್ನ್ ಹಾಕಿಬಿಡಲಾ?

ಉತ್ತರ: ಬಾಕಿ ಪೂರ್ತಿ ತೀರದೆ ಪೋರ್ಟಲ್ 3ಬಿ ತೆಗೆದುಕೊಳ್ಳುವುದಿಲ್ಲ. ಆದರೆ ಇದ್ದಷ್ಟನ್ನು ಇಪ್ಪತ್ತರೊಳಗೆ ಚಲನ್ ಮಾಡಿ ನಗದು ಲೆಡ್ಜರ್‌ಗೆ ಹಾಕಿಡಿ. ಮುಟ್ಟದೆ ಅಲ್ಲೇ ಬಿಟ್ಟರೆ, ರಿಟರ್ನ್ ತಡವಾದರೂ ಆ ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ. ಉಳಿದದ್ದಕ್ಕೆ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ, ಅದೂ ನಗದು ಕಟ್ಟುವ ಭಾಗಕ್ಕೆ ಮಾತ್ರ. 18,000ಕ್ಕೆ ಹತ್ತು ದಿನ ತಡ ಅಂದರೆ 89 ರೂಪಾಯಿ ಆಗುತ್ತದೆ. ನಿಮ್ಮನ್ನು ಕಚ್ಚುವುದು ಬಡ್ಡಿ ಅಲ್ಲ, ತಡದ ಶುಲ್ಕ. ದಿನಕ್ಕೆ 50 ರೂಪಾಯಿಯಂತೆ ಅದೇ ಹತ್ತು ದಿನಕ್ಕೆ 500. ಆ ಶುಲ್ಕ ಮುಂದಿನ ತಿಂಗಳ 3ಬಿಯಲ್ಲಿ ಬಂದು ಕೂರುತ್ತದೆ. ಆಗ ‘ಇದೆಲ್ಲಿಂದ ಬಂತು’ ಅಂತ ನನಗೆ ಬರೆಯಬೇಡಿ.

ಪ್ರಶ್ನೆ: ಚಲನ್‌ನಲ್ಲಿ ಎಸ್‌ಜಿಎಸ್‌ಟಿಗೆ ಕಟ್ಟಬೇಕಾದ 9,000ವನ್ನು ಸಿಜಿಎಸ್‌ಟಿ ಕಾಲಮ್‌ನಲ್ಲಿ ಹಾಕಿಬಿಟ್ಟೆ. ಹೋಯ್ತಾ ದುಡ್ಡು?

ಉತ್ತರ: ಎಲ್ಲೂ ಹೋಗಿಲ್ಲ. ಕ್ರೆಡಿಟ್ ಅನ್ನು ಹೀಗೆ ಸಾಗಿಸಲು ಆಗುವುದಿಲ್ಲ, ನಗದನ್ನು ಆಗುತ್ತದೆ. PMT-09 ಅನ್ನುವ ನಮೂನೆ ತೆರೆದು ಸಿಜಿಎಸ್‌ಟಿಯಿಂದ ಎಸ್‌ಜಿಎಸ್‌ಟಿಗೆ ವರ್ಗಾಯಿಸಿ. ಒಳಗಿನ ಸಾಲಿನಲ್ಲಿ ತೆರಿಗೆ, ಬಡ್ಡಿ, ಶುಲ್ಕ ಅಂತ ಬೇರೆ ಬೇರೆ ಇರುತ್ತದೆ, ‘ತೆರಿಗೆ’ ಅನ್ನುವುದನ್ನೇ ಆರಿಸಿ. ಬಡ್ಡಿ ಸಾಲಿಗೆ ಹೋದರೆ ಇನ್ನೊಂದು PMT-09 ಹಾಕಬೇಕಾಗುತ್ತದೆ.