ಆಟೋ ಪೇ ಫೇಲ್ ಆಗಿ ಟರ್ಮ್ ಪಾಲಿಸಿ ಲ್ಯಾಪ್ಸ್ ಆಗಿದೆ, ಗ್ರೇಸ್ ಪೀರಿಯಡ್ 30 ದಿನ ಅಲ್ವಾ?

ಪ್ರಶ್ನೆ: ನಾಲ್ಕು ವರ್ಷದಿಂದ 1 ಕೋಟಿಯ ಟರ್ಮ್ ಪಾಲಿಸಿ ಇದೆ. ಪ್ರತಿ ತಿಂಗಳು 5ಕ್ಕೆ ಡೆಬಿಟ್ ಕಾರ್ಡ್‌ನಿಂದ 1,400 ರೂಪಾಯಿ ತಾನಾಗಿ ಕಟ್ ಆಗುತ್ತಿತ್ತು. ಮೇ ತಿಂಗಳಲ್ಲಿ ಬ್ಯಾಂಕ್ ಹೊಸ ಕಾರ್ಡ್ ಕೊಟ್ಟಿತು. ಜೂನ್ ಕಂತು ಹೋಗಿಲ್ಲ, ನಾನು ಗಮನಿಸಲಿಲ್ಲ. ಜೂನ್ 24ಕ್ಕೆ ಪಾಲಿಸಿ ಲ್ಯಾಪ್ಸ್ ಎಂದು ಮೆಸೇಜ್ ಬಂತು. 30 ದಿನ ಗ್ರೇಸ್ ಇರುತ್ತದೆ ಅಲ್ವಾ? ಈಗ ಹಣ ಕಟ್ಟಿದರೆ ಸರಿಹೋಗುತ್ತಾ? ಏಪ್ರಿಲ್‌ನಿಂದ ಬಿಪಿ ಮಾತ್ರೆ ಶುರುವಾಗಿದೆ, ಅದನ್ನು ಹೇಳಬೇಕಾ? ಮನೆಯ ಹೆಲ್ತ್ ಪಾಲಿಸಿಗೂ ಇದೇ ಲೆಕ್ಕನಾ?

ಉತ್ತರ: ನಾನು ಒಂದು ವಿಮಾ ಕಂಪನಿಯ ಶಾಖೆಯಲ್ಲಿ ಪಾಲಿಸಿ ಸರ್ವೀಸ್ ಕೌಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ಕಾರ್ಡ್ ಬದಲಾಗಿ ಕಂತು ನಿಂತವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ನಿಮ್ಮ ಪಾಲಿಸಿಯನ್ನು ಉಳಿಸಿಕೊಳ್ಳಬಹುದು. ಆದರೆ ಆ್ಯಪ್‌ನಲ್ಲಿ ಸುಮ್ನೆ 1,400 ಕಟ್ಟಿ ಕೂತರೆ ಉಳಿಯುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ದಿನಗಳ ಲೆಕ್ಕ. 30 ದಿನ ಇರುವುದು ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕಟ್ಟುವವರಿಗೆ. ತಿಂಗಳ ಕಂತಿಗೆ 15 ದಿನ ಮಾತ್ರ. ಅದೂ ಎಣಿಸುವುದು ಕಂತಿನ ದಿನಾಂಕದಿಂದ. ಬ್ಯಾಂಕ್ ಎರಡನೇ ಸಲ ಪ್ರಯತ್ನಿಸಿದ ದಿನದಿಂದಲ್ಲ, ನಿಮಗೆ ಮೆಸೇಜ್ ಬಂದ ದಿನದಿಂದಲೂ ಅಲ್ಲ. ಜೂನ್ 5ರ ಕಂತು, 15 ದಿನ ಸೇರಿಸಿದರೆ ಜೂನ್ 20. ಅಲ್ಲಿಗೆ ಮುಗಿಯಿತು. 24ಕ್ಕೆ ಬಂದದ್ದು ಆಗಿಹೋದ ಸುದ್ದಿ.

ಆ 15 ದಿನದಲ್ಲಿ ಕವರ್ ಪೂರ್ತಿ ಇರುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಜೂನ್ 18ಕ್ಕೆ ಪಾಲಿಸಿದಾರರಿಗೆ ಏನಾದರೂ ಆಗಿದ್ದರೆ ಮನೆಯವರಿಗೆ ಕ್ಲೇಮ್ ಸಿಗುತ್ತಿತ್ತು, ಬಾಕಿ ಕಂತನ್ನಷ್ಟೇ ಅದರಲ್ಲಿ ಹಿಡಿದುಕೊಳ್ಳುತ್ತಿದ್ದರು. ಆದರೆ ಜೂನ್ 21ಕ್ಕೆ ಆಗಿದ್ದರೆ ಏನೂ ಇಲ್ಲ. ಅವಧಿ ಮುಗಿದಾಗ ಹಣ ಕೈಗೆ ಬರುವ ಎಂಡೋಮೆಂಟ್ ಥರದ ಪಾಲಿಸಿಯಲ್ಲಿ ಕೆಲವು ವರ್ಷ ಕಟ್ಟಿದ್ದರೆ ಕಡಿಮೆ ಮೊತ್ತದ ಪೇಯ್ಡ್ ಅಪ್ ಕವರ್ ಆದರೂ ಉಳಿಯುತ್ತದೆ. ಸಾಮಾನ್ಯ ಟರ್ಮ್ ಪಾಲಿಸಿಯಲ್ಲಿ ಅದೂ ಇಲ್ಲ. ಅಂದರೆ ಇವತ್ತು ನಿಮ್ಮ ಮನೆಯವರಿಗೆ ಆ ಒಂದು ಕೋಟಿಯ ರಕ್ಷಣೆ ಇಲ್ಲ. ಹೆದರಿಸಲು ಹೇಳುತ್ತಿಲ್ಲ. ಮುಂದಿನ ವಾರ ನೋಡೋಣ ಅಂತ ಬಿಡಬೇಡಿ ಅಂತ ಹೇಳುತ್ತಿದ್ದೇನೆ.

ಈಗ ಕಂತು ಯಾಕೆ ಹೋಗಲಿಲ್ಲ ಅನ್ನುವುದು. ನೀವು ಕೊಟ್ಟ ಅನುಮತಿ, ಅಂದರೆ ಮ್ಯಾಂಡೇಟ್, ಇದ್ದದ್ದು ಹಳೇ ಕಾರ್ಡ್ ಮೇಲೆ. ಹೊಸ ಕಾರ್ಡ್‌ಗೆ ನಂಬರ್ ಬೇರೆ, ಎಕ್ಸ್‌ಪೈರಿ ಬೇರೆ. ಖಾತೆ ಅದೇ, ಅದರಲ್ಲಿ ಹಣವೂ ಇದೆ, ಆದರೂ ಕಂಪನಿಯ ಕಡೆಯಿಂದ ಹೋದ ಕೋರಿಕೆ ಹಳೇ ಕಾರ್ಡ್‌ನ ಬಾಗಿಲಲ್ಲೇ ನಿಂತುಬಿಡುತ್ತದೆ. ಪಾಸ್‌ಬುಕ್ ನೋಡಿ, ಜೂನ್ 5ರ ಹತ್ತಿರ ಬಹುಶಃ ಯಾವ ಎಂಟ್ರಿಯೂ ಇರುವುದಿಲ್ಲ. ಇದೇ ನಾಚ್, ಅಂದರೆ ಕಾರ್ಡ್ ಇಲ್ಲದೆ ನೇರವಾಗಿ ಬ್ಯಾಂಕ್ ಖಾತೆಯಿಂದ ಹಣ ಕಟ್ ಆಗುವ ಮ್ಯಾಂಡೇಟ್ ಆಗಿದ್ದು ಬ್ಯಾಲೆನ್ಸ್ ಇಲ್ಲದೆ ವಾಪಸ್ ಆಗಿದ್ದರೆ, ಸಾಮಾನ್ಯವಾಗಿ ಬ್ಯಾಂಕ್ ರಿಟರ್ನ್ ಚಾರ್ಜ್ ಹಾಕುತ್ತದೆ, ಆ ಸಾಲು ಸ್ಟೇಟ್‌ಮೆಂಟ್‌ನಲ್ಲಿ ಕಾಣುತ್ತದೆ. ಕಾರ್ಡ್ ವಿಷಯದಲ್ಲಿ ಹಾಗೆ ಕುರುಹೇ ಉಳಿಯುವುದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ.

ಒಂದು ಸುಳಿವು ಮಾತ್ರ ಇದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡ್ ಅಥವಾ ಯುಪಿಐನಿಂದ ತಾನಾಗಿ ಹಣ ಕಟ್ ಆಗುವುದಿದ್ದರೆ ಕನಿಷ್ಠ 24 ಗಂಟೆ ಮೊದಲು ‘ಇಂಥವರಿಗೆ ಇಷ್ಟು ಹಣ ಹೋಗುತ್ತದೆ’ ಎಂದು ನಿಮಗೆ ತಿಳಿಸಬೇಕು. 5ಕ್ಕೆ ಕಂತು ಇದ್ದು 4ರ ರಾತ್ರಿಯವರೆಗೂ ಆ ಮೆಸೇಜ್ ಬಂದಿಲ್ಲ ಅಂದರೆ ಮ್ಯಾಂಡೇಟ್ ಸತ್ತಿದೆ ಅಂತಲೇ ತಿಳಿದುಕೊಂಡು ವಿಚಾರಿಸಿ. ಬರುವ ಮೆಸೇಜ್‌ಗಳನ್ನೇ ನಾವು ಓದುವುದಿಲ್ಲ, ಬಾರದೇ ಇರುವುದು ಹೇಗೆ ಗೊತ್ತಾಗಬೇಕು ಅನ್ನಬಹುದು. ನಿಜ. ಆದ್ದರಿಂದ ಫೋನ್ ಕ್ಯಾಲೆಂಡರ್‌ನಲ್ಲಿ ಕಂತಿನ ಮರುದಿನಕ್ಕೆ ಒಂದು ನೆನಪೋಲೆ ಇಡಿ, ಅವತ್ತು ಸ್ಟೇಟ್‌ಮೆಂಟ್ ನೋಡಿ. ತಪ್ಪಿದ್ದರೂ ಕೈಯಲ್ಲಿ ಇನ್ನೂ ಎರಡು ವಾರ ಇರುತ್ತದೆ.

ಈಗ ನೀವು ಮಾಡಬೇಕಾದ್ದು ರಿವೈವಲ್, ಅಂದರೆ ಲ್ಯಾಪ್ಸ್ ಆದ ಪಾಲಿಸಿಯನ್ನು ಮತ್ತೆ ಜಾರಿಗೆ ತರಿಸುವುದು. ಟರ್ಮ್ ಪಾಲಿಸಿಗೆ ಮೊದಲ ಬಾಕಿ ಕಂತಿನಿಂದ ಐದು ವರ್ಷದವರೆಗೆ ಅವಕಾಶ ಇರುತ್ತದೆ, ನಿಮ್ಮ ಬಾಂಡ್‌ನಲ್ಲೂ ಬರೆದಿರುತ್ತಾರೆ. ಹಣದ ಹೊರೆ ಸಣ್ಣದು. ಜೂನ್‌ನ 1,400, ಅಷ್ಟರಲ್ಲಿ ಜುಲೈ 5 ದಾಟಿದ್ದರೆ ಇನ್ನೊಂದು 1,400, ಮೇಲೆ ಬಡ್ಡಿ. ಬಡ್ಡಿ ದರ ಕಂಪನಿಯಿಂದ ಕಂಪನಿಗೆ ಬೇರೆ. ವರ್ಷಕ್ಕೆ ಶೇ 9 ಅಂತ ಹಿಡಿದರೂ 1,400ಕ್ಕೆ ಒಂದು ತಿಂಗಳಿಗೆ ಹತ್ತು ರೂಪಾಯಿ ಚಿಲ್ಲರೆ. ಇಲ್ಲಿ ದೊಡ್ಡದು ಹಣವಲ್ಲ, ಆರೋಗ್ಯದ ಘೋಷಣೆ.

ರಿವೈವಲ್ ಫಾರ್ಮ್ ಜೊತೆ ‘ಈಗ ನನ್ನ ಆರೋಗ್ಯ ಹೀಗಿದೆ’ ಎಂದು ಸಹಿ ಹಾಕಿ ಕೊಡಬೇಕು. ಲ್ಯಾಪ್ಸ್ ಆಗಿ ಸ್ವಲ್ಪ ದಿನವಷ್ಟೇ ಆಗಿದ್ದರೆ ಎಷ್ಟೋ ಸಲ ಆ ಘೋಷಣೆಯೇ ಸಾಕಾಗುತ್ತದೆ. ತಡವಾದಷ್ಟೂ ರಕ್ತ ಪರೀಕ್ಷೆ, ಇಸಿಜಿ ಅಂತ ಕೇಳುವುದು ಜಾಸ್ತಿಯಾಗುತ್ತದೆ. ಅಲ್ಲಿ ನಿಮ್ಮ ಬಿಪಿ ಮಾತ್ರೆಯ ವಿಷಯ ಬರೆಯಲೇಬೇಕು. ಯಾವ ಮಾತ್ರೆ, ಯಾವಾಗಿನಿಂದ, ಈಗಿನ ರೀಡಿಂಗ್ ಎಷ್ಟು, ಅಷ್ಟನ್ನೂ ಬರೆದು ಡಾಕ್ಟರ್ ಚೀಟಿ ಲಗತ್ತಿಸಿ. ‘ಮಾತ್ರೆಯಲ್ಲಿ ಹಿಡಿತಕ್ಕೆ ಬಂದಿದೆ, ಅದೇನು ದೊಡ್ಡ ಕಾಯಿಲೆನಾ, ಬಿಡಿ ಸಾರ್’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಯಾಕೆ ಅಂದರೆ ವಿಮಾ ಕಾಯ್ದೆಯ 45ನೇ ಸೆಕ್ಷನ್. ಮೂರು ವರ್ಷ ಕಳೆದ ಮೇಲೆ ಕಂಪನಿ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ ಎಂದು ಅದು ಹೇಳುತ್ತದೆ. ನಿಮ್ಮ ಪಾಲಿಸಿಗೆ ನಾಲ್ಕು ವರ್ಷ, ಆ ರಕ್ಷಣೆ ನಿಮಗೆ ಸಿಕ್ಕಾಗಿತ್ತು. ಆದರೆ ಆ ಮೂರು ವರ್ಷವನ್ನು ಪಾಲಿಸಿ ಕೊಟ್ಟ ದಿನ, ರಿಸ್ಕ್ ಶುರುವಾದ ದಿನ, ರಿವೈವಲ್ ಆದ ದಿನ, ರೈಡರ್ ಅನ್ನುವ ಹೆಚ್ಚುವರಿ ಕವರ್ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ ಎಣಿಸುತ್ತಾರೆ. ಅಂದರೆ ಈ ಜುಲೈನಲ್ಲಿ ರಿವೈವ್ ಆದರೆ ಮೂರು ವರ್ಷದ ಎಣಿಕೆ ಮತ್ತೆ ಒಂದರಿಂದ ಶುರು. ಅಷ್ಟರೊಳಗೆ ಕ್ಲೇಮ್ ಬಂದರೆ ಈಗ ಸಹಿ ಹಾಕಿದ ಘೋಷಣೆಯನ್ನು ತೆಗೆದು ಓದುತ್ತಾರೆ. 1,400 ರೂಪಾಯಿಯ ಒಂದು ಕಂತು ತಪ್ಪಿದ್ದಕ್ಕೆ ನಿಜವಾದ ಬೆಲೆ ಇದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ ಅನ್ನುವುದೇ ನನಗೆ ಬೇಜಾರು.

ಬಿಪಿ ಹೇಳಿದರೆ ಏನಾಗಬಹುದು? ಕಂಪನಿ ಹಾಗೇ ಒಪ್ಪಬಹುದು, ಪರೀಕ್ಷೆ ಕೇಳಬಹುದು, ಸ್ವಲ್ಪ ಹೆಚ್ಚಿನ ಪ್ರೀಮಿಯಂ ಹಾಕಬಹುದು, ಬೇಡ ಅನ್ನಲೂಬಹುದು. ಹೆಚ್ಚು ಪ್ರೀಮಿಯಂ ಅಂದರೆ ತಕ್ಷಣ ಬಿಟ್ಟುಬಿಡಬೇಡಿ. ಹಳೇ ಪಾಲಿಸಿಯ ದರ ನಾಲ್ಕು ವರ್ಷದ ಹಿಂದಿನ ವಯಸ್ಸಿಗೆ ಹಾಕಿದ್ದು. ಹೊಸದು ತೆಗೆದುಕೊಂಡರೆ ಈಗಿನ ವಯಸ್ಸು, ಅದರ ಮೇಲೆ ಬಿಪಿ, ಎರಡೂ ಸೇರುತ್ತವೆ. ಎರಡರ ಲೆಕ್ಕವನ್ನೂ ಕೇಳಿ ನೋಡಿ.

ಇನ್ನೊಂದು ಜಾಗದಲ್ಲಿ ಜನ ಎಡವುತ್ತಾರೆ. ಲ್ಯಾಪ್ಸ್ ಆದ ಮೇಲೂ ಆನ್‌ಲೈನ್‌ನಲ್ಲಿ ಹಣ ಕಟ್ಟಲು ಆಗಬಹುದು, ರಸೀದಿಯೂ ಬರಬಹುದು. ಆ ಹಣವನ್ನು ಕಂಪನಿ ಡೆಪಾಸಿಟ್ ಅಂತ ಪಕ್ಕಕ್ಕೆ ಇಟ್ಟಿರುತ್ತದೆ. ಅವರು ರಿವೈವಲ್ ಒಪ್ಪಿ ತಿಳಿಸುವವರೆಗೆ ಕವರ್ ಶುರುವಾಗುವುದಿಲ್ಲ. ಆದ್ದರಿಂದ ರಸೀದಿ ಹಿಡಿದುಕೊಂಡು ಸಮಾಧಾನ ಪಡಬೇಡಿ. ‘ಪಾಲಿಸಿ ಇಂಥ ದಿನದಿಂದ ಮತ್ತೆ ಜಾರಿಯಲ್ಲಿದೆ’ ಎನ್ನುವ ಪತ್ರ ಅಥವಾ ಇಮೇಲ್ ಕೇಳಿ ಪಡೆಯಿರಿ, ಸ್ಟೇಟಸ್‌ನಲ್ಲಿ ಲ್ಯಾಪ್ಸ್ ಹೋಗಿ ಇನ್‌ಫೋರ್ಸ್ ಅಂತ ಬಂದಿದೆಯಾ ನೋಡಿ.

ಅದಾದ ಮೇಲೆ ಹೊಸ ಮ್ಯಾಂಡೇಟ್. ಈ ಸಲ ಕಾರ್ಡ್ ಬೇಡ, ಬ್ಯಾಂಕ್ ಖಾತೆಯ ಮೇಲೆಯೇ ನಾಚ್ ಹಾಕಿಸಿ. ಕಾರ್ಡ್ ನೂರು ಸಲ ಬದಲಾದರೂ ಅದಕ್ಕೆ ತೊಂದರೆಯಿಲ್ಲ. ಗರಿಷ್ಠ ಮೊತ್ತ ಅಂತ ಒಂದು ಕಾಲಂ ಇರುತ್ತದೆ, ಅಲ್ಲಿ ಸರಿಯಾಗಿ ಕಂತಿನಷ್ಟೇ ಬರೆಯಬೇಡಿ, ಸ್ವಲ್ಪ ಜಾಸ್ತಿ ಬರೆಯಿರಿ. ಪ್ರೀಮಿಯಂ ಐವತ್ತು ರೂಪಾಯಿ ಏರಿದರೂ ಮಿತಿ ದಾಟಿತು ಎಂದು ವಾಪಸ್ ಆಗುತ್ತದೆ. ನೋಂದಣಿಗೆ ದಿನ ಹಿಡಿಯುವುದರಿಂದ ಮೊದಲ ಕಂತು ಅದರಲ್ಲೇ ಹೋಗುತ್ತದೆ ಅಂತ ಕಾಯದೆ ಕೈಯಾರೆ ಕಟ್ಟಿಬಿಡಿ. ಸಾಧ್ಯವಾದರೆ ತಿಂಗಳ ಕಂತನ್ನೇ ಬಿಟ್ಟು ವರ್ಷದ ಕಂತಿಗೆ ಬದಲಾಯಿಸಿ, ಸಾಮಾನ್ಯವಾಗಿ ಪಾಲಿಸಿಯ ವಾರ್ಷಿಕ ದಿನಾಂಕಕ್ಕೆ ಬದಲಾಯಿಸಿಕೊಡುತ್ತಾರೆ. ಫೇಲ್ ಆಗುವ ಸಂದರ್ಭ ಹನ್ನೆರಡರ ಬದಲು ಒಂದೇ, ಗ್ರೇಸ್ 15ರ ಬದಲು 30.

ಹೆಲ್ತ್ ಪಾಲಿಸಿಗೆ ದಿನಗಳು ಇಷ್ಟೇ, ತಿಂಗಳ ಕಂತಿಗೆ 15, ಉಳಿದವಕ್ಕೆ 30. ಆದರೆ ಒಳಗಿನ ಅರ್ಥ ಬೇರೆ. ಕಂತಿನಲ್ಲಿ ಕಟ್ಟುತ್ತಿದ್ದರೆ ಗ್ರೇಸ್ ದಿನಗಳಲ್ಲೂ ಕವರ್ ಇರುತ್ತದೆ. ಇಡೀ ವರ್ಷದ್ದು ಒಟ್ಟಿಗೆ ಕಟ್ಟುವ ಪಾಲಿಸಿ ಮುಗಿದ ಮೇಲಿನ 30 ದಿನದಲ್ಲಿ ಕವರ್ ಇರುವುದಿಲ್ಲ. ಮಾರ್ಚ್ 31ಕ್ಕೆ ಮುಗಿದು, ಏಪ್ರಿಲ್ 10ಕ್ಕೆ ಆಸ್ಪತ್ರೆಗೆ ಸೇರಿ, 20ಕ್ಕೆ ರಿನ್ಯೂ ಮಾಡಿದರೆ ಆ ಆಸ್ಪತ್ರೆ ಬಿಲ್ ನಿಮ್ಮದೇ. ಉಳಿಯುವುದು ಏನೆಂದರೆ ಇಲ್ಲಿಯವರೆಗೆ ಕಳೆದ ವೇಯ್ಟಿಂಗ್ ಪೀರಿಯಡ್, ಅಂದರೆ ಕೆಲವು ಕಾಯಿಲೆಗಳಿಗೆ ಕ್ಲೇಮ್ ಸಿಗುವ ಮೊದಲು ಕಾಯಬೇಕಾದ ಅವಧಿ. 30 ದಿನವೂ ದಾಟಿದರೆ ಅದೂ ಹೋಗಬಹುದು. ಆಗ ಮೊದಲೇ ಇದ್ದ ಕಾಯಿಲೆಗೆ, ನಿಮ್ಮ ಬಿಪಿಯೂ ಸೇರಿ, ಮೂರು ವರ್ಷದವರೆಗೆ ಮತ್ತೆ ಕಾಯಬೇಕಾಗಿ ಬರಬಹುದು.

ಕೊನೆಗೆ, ಹೊಸ ಕಾರ್ಡ್ ವಿವರವನ್ನು ನೀವು ಮೊದಲೇ ಕೊಟ್ಟಿದ್ದು, ಕಂಪನಿ ಅದನ್ನು ಹಾಕಿಕೊಳ್ಳದೆ ಹೀಗಾಗಿದ್ದರೆ ಬಿಡಬೇಡಿ. ಡೆಬಿಟ್ ಫೇಲ್ ಆದ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಇಮೇಲ್ ಹಾಕಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಕರ್ನಾಟಕದವರಿಗೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಆದರೆ ಆ ಜಗಳ ಮುಗಿಯಲಿ ಅಂತ ರಿವೈವಲ್ ನಿಲ್ಲಿಸಬೇಡಿ, ಫಾರ್ಮ್ ಮತ್ತು ಡಾಕ್ಟರ್ ಚೀಟಿ ನಾಳೆಯೇ ಶಾಖೆಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.