ಪೀಜಿ ರೂಮಿನಿಂದ ಮೊದಲ ವಿಡಿಯೋ ಡೇಟ್

"ಹುಡುಗ ಮ್ಯೂನಿಕ್‌ನಲ್ಲಿ, ನಾನು ಬೆಂಗಳೂರಿನ ಪೀಜಿಯಲ್ಲಿ. ಭಾನುವಾರ ಮೊದಲ ವಿಡಿಯೋ ಡೇಟ್. ಎಲ್ಲಿ ಕೂರಲಿ, ಎಷ್ಟು ಹೊತ್ತಿಗೆ, ಮುಗಿಸೋದು ಹೇಗೆ?"

ಸಂಜೆ 4.30ಕ್ಕೆ ಇಡಿ. ಅವರಿಗೆ ಆಗ ಚಳಿಗಾಲದಲ್ಲಾದರೆ ಮಧ್ಯಾಹ್ನ 12, ಬೇಸಿಗೆಯಲ್ಲಾದರೆ 1. ನಿಮಗೆ ಕಿಟಕಿ ಬೆಳಕು ಇನ್ನೂ ಇರುತ್ತೆ. ಕಿಟಕಿಗೆ ಮುಖ ಮಾಡಿಯೇ ಕೂರಿ. ಅದು ಬೆನ್ನ ಹಿಂದೆ ಬಂದರೆ ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ನಿಮ್ಮ ಮುಖ ಕಪ್ಪಾಗುತ್ತೆ. ಫೋನನ್ನು ಪುಸ್ತಕಗಳ ಮೇಲೆ ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ. ಕೈಯಲ್ಲಿ ಹಿಡಿದರೆ ಕೈ ಸೋತು, ಆಮೇಲೆ ಅವರಿಗೆ ಕಾಣೋದು ಗದ್ದ ಮತ್ತು ಫ್ಯಾನು. ರೂಮ್‌ಮೇಟ್‌ಗೆ ಮೊದಲೇ ಹೇಳಿಡಿ.

ಶುರುವಲ್ಲೇ "ಐದೂಕಾಲರ ತನಕ ಫ್ರೀ ಇದೀನಿ" ಅಂದುಬಿಡಿ. ಆಗ ಏಳೋದಕ್ಕೆ ನೆಪ ಹುಡುಕಬೇಕಿಲ್ಲ. ಇಷ್ಟವಾದರೆ "ಮುಂದಿನ ಭಾನುವಾರ ಮತ್ತೆ ಮಾತಾಡೋಣ್ವಾ?" ಅನ್ನಿ. ಆಗದಿದ್ದರೆ "ಟೈಮ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್" ಸಾಕು, ಸುಮ್ಮನೆ "ಮತ್ತೆ ಸಿಗೋಣ" ಬೇಡ. ನೆಟ್‌ವರ್ಕ್ ಹೋಯ್ತು ಅಂತ ಕಟ್ ಮಾಡೋ ನಾಟಕವಂತೂ ಎಲ್ಲರಿಗೂ ಗೊತ್ತು.